ನಾಲ್ಕು ಕಾರ್ಡುಗಳು ಮತ್ತು ನನ್ನ ಅವಸರ

ಮೇಜಿನ ಮೇಲೆ ನಾಲ್ಕು ಕಾರ್ಡುಗಳಿದ್ದವು: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ಗೆಳತಿ ಹೇಳಿದ ನಿಯಮ ಇದು: ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ. ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ಒಗಟಿನ ಕನ್ನಡ ರೂಪವಿದು.

"ಅ ಮತ್ತು 4" ಎಂದು ಥಟ್ಟನೆ ಹೇಳಿದೆ. "ಏಕೆ?" ಎಂದಳು. ಸ್ವರದ ಹಿಂದೆ ಸಮಸಂಖ್ಯೆ, ಸಮಸಂಖ್ಯೆಯ ಹಿಂದೆ ಸ್ವರ ಸಿಕ್ಕರೆ ನಿಯಮ ಸಾಬೀತಾಗುತ್ತದೆ ಎಂದು ನಿಧಾನವಾಗಿ, ಬಹಳ ಗಂಭೀರವಾಗಿ ವಿವರಿಸಿದೆ.

ಉತ್ತರ ತಪ್ಪು. ಸರಿಯಾದದ್ದು ಅ ಮತ್ತು 7. 4ರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ, ಏಕೆಂದರೆ ಸಮಸಂಖ್ಯೆ ಸ್ವರದ ಜೊತೆಗೆ ಮಾತ್ರ ಬರಬೇಕೆಂದು ಯಾರೂ ಹೇಳಿಲ್ಲ. ಆದರೆ 7ರ ಹಿಂದೆ ಸ್ವರ ಸಿಕ್ಕರೆ ನಿಯಮ ಮುರಿದು ಬೀಳುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಆ ವಿವರಣೆ. ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ನಿಧಾನದ ಯೋಚನೆ ಆಮೇಲೆ ಬಂದು ಅದರ ಪರವಾಗಿ ವಕಾಲತ್ತು ವಹಿಸಿತು, ಅಷ್ಟೆ.

ಮತ್ತೊಂದು ದಿನ ಅವಳು ನಿಯಮ ಬದಲಿಸಿದಳು: ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ 4 ಇರುವುದಿಲ್ಲ. ಮತ್ತೆ "ಅ ಮತ್ತು 4" ಎಂದೆ. ಈ ಸಲ ಉತ್ತರ ಸರಿ! ಹಿಗ್ಗಿದೆ, ಆದರೆ ಕಾರಣ ಹುಡುಕಿದಾಗ ಹಿಗ್ಗು ಇಳಿಯಿತು. ನಿಯಮದಲ್ಲಿ ಹೆಸರಿಸಿದ ಕಾರ್ಡುಗಳತ್ತಲೇ ಕೈ ಹೋಗಿತ್ತು, ಮೊದಲ ಸಲದಂತೆಯೇ. ಸಂಶೋಧಕ ಜೊನಾಥನ್ ಇವಾನ್ಸ್ ಗುರುತಿಸಿದ ಒಲವು ಇದೇ: "ಇಲ್ಲ" ಎಂಬ ಪದವನ್ನು ದಾಟಿ, ಹೆಸರು ಬಂದ ವಸ್ತುವನ್ನೇ ಗಮನ ಹಿಡಿಯುತ್ತದೆ. ಅವರು ವೇಸನ್ ಜೊತೆ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಜನ ತಾವು ಆರಿಸಿದ ಕಾರ್ಡಿಗೆ ಹೊಂದುವ ಕಾರಣ ಕೊಡುತ್ತಿದ್ದರು; ಸರಿ ಉತ್ತರ ಸಿಕ್ಕಲ್ಲಿ ಕಾರಣವೂ ಸೊಗಸಾಗಿಯೇ ಇರುತ್ತಿತ್ತು.

ಆದ್ದರಿಂದ ಈಗ "ಚೆನ್ನಾಗಿ ಯೋಚಿಸು" ಎಂದು ನನಗೆ ನಾನು ಹೇಳಿಕೊಳ್ಳುವುದಿಲ್ಲ. ಅದರಿಂದ ವಕಾಲತ್ತು ಇನ್ನಷ್ಟು ಜಾಣವಾಗುತ್ತದೆ. ಕಾಗದದಲ್ಲಿ ಪ್ರತಿ ಕಾರ್ಡಿಗೂ ಒಂದು ಸಾಲು ಬರೆಯುತ್ತೇನೆ. ಹಿಂದೆ ಏನೇನು ಇರಬಹುದು, ಅದರಲ್ಲಿ ನಿಯಮವನ್ನು ಮುರಿಯುವುದು ಯಾವುದು? ಮೊದಲ ನಿಯಮಕ್ಕೆ ಆ ಸಾಲುಗಳು ಹೀಗಿರುತ್ತವೆ. ಅ: ಬೆಸಸಂಖ್ಯೆಯಿದ್ದರೆ ಮುರಿಯುತ್ತದೆ. ಕ: ಏನಿದ್ದರೂ ಮುರಿಯದು. 4: ಮುರಿಯದು. 7: ಸ್ವರವಿದ್ದರೆ ಮುರಿಯುತ್ತದೆ. ಬೇಡವೆಂದು ಮನಸ್ಸು ತಳ್ಳಿದ ಕಾರ್ಡಿಗೂ ಸಾಲು ಬರೆಯಲೇಬೇಕು, ಏಕೆಂದರೆ ತಪ್ಪು ಅಡಗಿರುವುದು ಅಲ್ಲಿಯೇ.

ಈ ಶ್ರಮ ಎಲ್ಲ ಕಡೆ ಬೇಕಾಗುವುದಿಲ್ಲ. ಅದೇ ಒಗಟನ್ನು "ಮದ್ಯ ಕುಡಿಯುತ್ತಿದ್ದರೆ ವಯಸ್ಸು ನಿಗದಿತ ಮಿತಿ ದಾಟಿರಬೇಕು" ಎಂಬ ರೂಪದಲ್ಲಿ ಕೇಳಿದಾಗ ಹೆಚ್ಚಿನವರು ಸರಿಯಾಗಿ ಬಿಡಿಸುತ್ತಾರೆ. ಚಿಕ್ಕ ವಯಸ್ಸಿನವನ ಲೋಟದಲ್ಲಿ ಏನಿದೆ ಎಂದು ನೋಡಬೇಕೆಂಬುದು ನನಗೂ ತಕ್ಷಣ ಹೊಳೆಯಿತು. ಅಲ್ಲಿ ಆ ಹುಡುಗನೇ ನನ್ನ 7.