ಒಂದು ಸೆಲ್ ಹಿಂದೆ ಬಿದ್ದರೆ ಕಾರು ಯಾಕೆ ಸುಸ್ತಾಗುತ್ತದೆ?

ಮಂಡ್ಯದ ನಮ್ಮ ಬೀದಿಯ ಗೆಳೆಯರೊಬ್ಬರು ದಿನಾ ಎಲೆಕ್ಟ್ರಿಕ್ ಕಾರಿನಲ್ಲಿ ಮೈಸೂರಿಗೆ ಹೋಗಿಬರುತ್ತಾರೆ. ಬ್ಯಾಟರಿ ಬಾಳಿಕೆ ಬರಲಿ ಎಂದು ಯಾವಾಗಲೂ 80%ಗೇ ಚಾರ್ಜರ್ ಕಿತ್ತುಬಿಡುತ್ತಿದ್ದರು. ಒಂದು ಸಂಜೆ ಶ್ರೀರಂಗಪಟ್ಟಣ ದಾಟಿದ ಮೇಲೆ 8% ಇದ್ದದ್ದು ದಿಢೀರನೆ 4% ಆಯಿತು. ಕಾರಿನ ಎಳೆತವೂ ಕಮ್ಮಿಯಾಯಿತು. ಬ್ಯಾಟರಿ ಹೋಯ್ತು ಅಂದುಕೊಂಡರು. ಹೋಗಿರಲಿಲ್ಲ. ಬ್ಯಾಟರಿಯನ್ನು ಕಾಯುವ ಬಿಎಂಎಸ್ ಸುಮ್ನೆ ತನ್ನ ಕೆಲಸ ಮಾಡಿತ್ತು.

ಅವರದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಲೆಕ್ಕಕ್ಕೆ ಸುಲಭವಾಗಲಿ, 100 ಸೆಲ್‌ಗಳು ಒಂದರ ಹಿಂದೆ ಒಂದು ಇವೆ, ಪ್ರತಿಯೊಂದೂ 100 ಆಂಪಿಯರ್-ಅವರ್ ಚಾರ್ಜ್ ಹಿಡಿಯುತ್ತದೆ ಅಂದುಕೊಳ್ಳಿ. ಕೂತಲ್ಲೇ ಒಂದಿಷ್ಟು ಚಾರ್ಜ್ ಸೋರುವುದು ಎಲ್ಲ ಸೆಲ್‌ಗಳ ಗುಣ. 37ನೇ ಸೆಲ್ ಸ್ವಲ್ಪ ಜಾಸ್ತಿ ಸೋರಿ, ಉಳಿದವಕ್ಕಿಂತ 3 ಆಂಪಿಯರ್-ಅವರ್ ಹಿಂದೆ ಬಿತ್ತು. ಓಡುವಾಗ ಎಲ್ಲದರಿಂದಲೂ ಒಂದೇ ಕರೆಂಟ್ ಹರಿಯುವುದರಿಂದ ಮೊದಲು ಬರಿದಾಗುವುದು ಅದೇ. ಎಲ್‌ಎಫ್‌ಪಿ ಸೆಲ್ 2.5 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಅದಕ್ಕೇ ಬಿಎಂಎಸ್ ಆ ಗೆರೆ ಹತ್ತಿರವಾದಂತೆ ಮೊದಲು ಕರೆಂಟನ್ನು ತಗ್ಗಿಸುತ್ತದೆ. ಆಮೇಲೂ ಇಳಿದರೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ಬಿಚ್ಚಿ ಬ್ಯಾಟರಿಯನ್ನೇ ಬೇರ್ಪಡಿಸುತ್ತದೆ. ಮಿಕ್ಕ 99 ಸೆಲ್‌ಗಳಲ್ಲಿ ಚಾರ್ಜ್ ಇದ್ದರೂ ಪ್ರಯೋಜನವಿಲ್ಲ. ತುಂಬುವಾಗ 3.65 ವೋಲ್ಟ್‌ನ ಹತ್ತಿರ, ಸೆಲ್ ಬಿಸಿ ಏರಿದಾಗ ಕೂಡ ಇದೇ ಕಾವಲು.

ಹಾಗಾದರೆ ಹಿಂದೆ ಬಿದ್ದದ್ದನ್ನು ಮೊದಲೇ ಯಾಕೆ ಸರಿಮಾಡಲಿಲ್ಲ? ಕಾಣಲಿಲ್ಲ, ಅದಕ್ಕೆ. ಎಲ್‌ಎಫ್‌ಪಿಯಲ್ಲಿ 30%ಗೂ 80%ಗೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ, 3.3ರ ಆಸುಪಾಸು. ತುಂಬುತ್ತಾ ತುದಿಗೆ ಬಂದಾಗ ಮಾತ್ರ ಬಣ್ಣ ಬಯಲಾಗುತ್ತದೆ: ಮಿಕ್ಕವೆಲ್ಲ 3.6 ಮುಟ್ಟಿದಾಗ 37ನೆಯದು ಇನ್ನೂ 3.4ರ ಹತ್ತಿರವೇ ತೆವಳುತ್ತಿರುತ್ತದೆ.

ಈಗ ತಮಾಷೆ ನೋಡಿ. ಸಾಮಾನ್ಯ ಬಿಎಂಎಸ್‌ಗೆ ಒಂದೇ ಸೆಲ್‌ಗೆ ಚಾರ್ಜ್ ಹಾಕಲು ಬರುವುದಿಲ್ಲ. ಹಾಗಾಗಿ ಅದು ಉಳಿದ 99 ಸೆಲ್‌ಗಳ ಪಕ್ಕದ ಪುಟ್ಟ ರೆಸಿಸ್ಟರ್‌ಗಳನ್ನು ಆನ್ ಮಾಡಿ, ಅವುಗಳ ಚಾರ್ಜನ್ನು ಬಿಸಿಯಾಗಿ ಕಳೆಯುತ್ತದೆ. ಕಳೆದಷ್ಟು ಜಾಗವಾದಂತೆ ಚಾರ್ಜರ್ ಮತ್ತೆ ತುಂಬುತ್ತದೆ, 37ನೆಯದೂ ಮೇಲೇರುತ್ತದೆ. ರೆಸಿಸ್ಟರ್‌ನಲ್ಲಿ ಹರಿಯುವುದು 0.1 ಆಂಪಿಯರ್ ಅಂದರೆ, 3 ಆಂಪಿಯರ್-ಅವರ್‌ಗೆ 30 ಗಂಟೆ ಬೇಕು. ವ್ಯರ್ಥವಾಗುವುದು ಸುಮಾರು ಒಂದು ಯೂನಿಟ್ ಕರೆಂಟ್, ದುಬಾರಿಯೇನಲ್ಲ.

ಗೆಳೆಯರು ಮಾಡಿದ್ದಿಷ್ಟೇ. ಕಾರಿನ ಮ್ಯಾನ್ಯುಯಲ್ ಹೇಳಿದಂತೆ ಮನೆಯ ನಿಧಾನದ ಚಾರ್ಜರ್‌ನಲ್ಲಿ 100%ಗೆ ತುಂಬಿಸಿ, ಪರದೆಯಲ್ಲಿ 100 ಬಂದ ಮೇಲೂ ರಾತ್ರಿಯಿಡೀ ಪ್ಲಗ್ ಕೀಳದೆ ಬಿಟ್ಟರು. ಹೀಗೆ ಕೆಲವು ರಾತ್ರಿ. ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಇದು ಆಗದು, ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಇದಾದ ಮೇಲೂ ಕೆಳಗೆ ಹಾಗೇ ಕುಸಿದರೆ ಸೆಲ್ ವೋಲ್ಟೇಜ್‌ಗಳನ್ನು ನೋಡಬೇಕು. ತುದಿಯಲ್ಲಿ ಎಲ್ಲವೂ ಸಮ, ಆದರೆ ಬುಡದಲ್ಲಿ ಮತ್ತೆ ಅದೇ ಸೆಲ್ ಮೊದಲು ಬೀಳುತ್ತಿದ್ದರೆ ಅದು ಹಿಂದೆ ಬಿದ್ದದ್ದಲ್ಲ, ಅದರ ಹೊಟ್ಟೆಯೇ ಚಿಕ್ಕದಾಗಿದೆ. ಅದನ್ನು ಯಾವ ರೆಸಿಸ್ಟರ್ ಕೂಡ ಸರಿಮಾಡದು. ಎರಡೂ ಕಡೆಯ ಅಳತೆಯನ್ನು ಸರ್ವಿಸ್ ಸೆಂಟರ್‌ನಲ್ಲಿ ಬರೆಸಿಕೊಂಡು ವಾರಂಟಿ ಕೇಳಿ.