ಮೂಲೆಗೆ ಅಕ್ಷರ ಬರೆಸದೆ ತಿದ್ದಿದ ವರ್ಕ್‌ಶೀಟ್

ನಾನು ಬೆಂಗಳೂರಿನಲ್ಲಿ ಕೇಂಬ್ರಿಡ್ಜ್ ಸಿಲಬಸ್‌ನ ಎಂಟನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಚೌಕಳಿ ಹಾಳೆಯ ಮೇಲೆ ಒಂದು ಆಕೃತಿ ಕೊಟ್ಟು, ಇದರ ಪ್ರತಿಫಲನ ಬರೆಯಿರಿ, ಇದನ್ನು ಇಷ್ಟು ಡಿಗ್ರಿ ತಿರುಗಿಸಿ, ಇಷ್ಟು ಚೌಕ ಆಚೆ ಸರಿಸಿ ಅನ್ನುವ ವರ್ಕ್‌ಶೀಟ್ ಪ್ರತಿ ವರ್ಷ ಕೊಡುತ್ತೇನೆ. ಇದನ್ನು ತಿದ್ದುವಷ್ಟು ಸಲೀಸು ಇನ್ಯಾವುದೂ ಇಲ್ಲ ಅಂದುಕೊಂಡಿದ್ದೆ. ಉತ್ತರದ ಹಾಳೆ ಪಕ್ಕದಲ್ಲಿ ಇಟ್ಟುಕೊಂಡು ಚಿತ್ರ ಹೊಂದಿದರೆ ರೈಟು, ಇಲ್ಲದಿದ್ದರೆ ತಪ್ಪು, ಅಷ್ಟೇ ಅಲ್ವಾ?

ಒಂದು ವರ್ಷ ಹೀಗಾಯಿತು. ತ್ರಿಭುಜದ ಮೂರು ಮೂಲೆಗಳು (1,1), (4,1), (1,4). ಮೂಲಬಿಂದುವಿನ ಸುತ್ತ 90 ಡಿಗ್ರಿ ಪ್ರದಕ್ಷಿಣವಾಗಿ ತಿರುಗಿಸಿ ಅಂತ ಪ್ರಶ್ನೆ. ಹೆಚ್ಚುಕಡಿಮೆ ಇಡೀ ಕ್ಲಾಸು ಸರಿ ಮಾಡಿತ್ತು, ನನಗೆ ಖುಷಿಯೋ ಖುಷಿ. ಮರುದಿನ ಒಬ್ಬ ಹುಡುಗಿಯನ್ನು ಕರೆದು, ಬಟರ್ ಪೇಪರ್ ಕೊಟ್ಟು, ಹೇಗೆ ಮಾಡಿದೆ ಅಂತ ಎಲ್ಲರಿಗೂ ತೋರಿಸು ಅಂದೆ. ಅವಳು ತ್ರಿಭುಜವನ್ನು ನೀಟಾಗಿ ಟ್ರೇಸ್ ಮಾಡಿಕೊಂಡಳು. ಆಮೇಲೆ ಪೇಪರನ್ನು ತಿರುಗಿಸಲಿಲ್ಲ, ದೋಸೆ ಮಗುಚಿದ ಹಾಗೆ x ಅಕ್ಷದ ಮೇಲಿಂದ ಕೆಳಕ್ಕೆ ಮಗುಚಿಬಿಟ್ಟಳು. ಅದು ಪ್ರತಿಫಲನ. ಆದರೂ ಚಿತ್ರ ಬಂದು ಕೂತದ್ದು ಸರಿಯಾದ ಜಾಗದಲ್ಲೇ! "ಮಿಸ್, ಉತ್ತರ ಸರಿ ಬಂತಲ್ವಾ?" ಅಂದಳು. ಬಂದಿತ್ತು. ಅದೇ ತೊಂದರೆ.

ಸಂಜೆ ಕೂತು ಹಾಕಿ ನೋಡಿದೆ. ಲಂಬಕೋನದ ಎರಡು ಪಕ್ಕದ ಬಾಹುಗಳೂ 3 ಚೌಕ ಉದ್ದ. ತಿರುಗಿಸಿದರೂ ಮೂಲೆಗಳು (1,-1), (1,-4), (4,-1). x ಅಕ್ಷವನ್ನು ಕನ್ನಡಿ ಮಾಡಿ ಮಗುಚಿದರೂ ಅವೇ ಮೂರು. ಅಂದರೆ ನನ್ನ ಪ್ರಶ್ನೆಗೆ ಎರಡು ಬೇರೆ ಬೇರೆ ಕೆಲಸಗಳ ನಡುವೆ ವ್ಯತ್ಯಾಸ ಹೇಳುವ ಶಕ್ತಿಯೇ ಇರಲಿಲ್ಲ. ಎಷ್ಟು ಮಕ್ಕಳು ತಿರುಗಿಸಿದರು, ಎಷ್ಟು ಮಕ್ಕಳು ಮಗುಚಿದರು ಅಂತ ಆ ಹಾಳೆಗಳಿಂದ ತಿಳಿಯೋದು ಸಾಧ್ಯವೇ ಇಲ್ಲ. ನಾನು ಕೊಟ್ಟ ಮಾರ್ಕಿಗೆ ಅರ್ಥವಿಲ್ಲ ಅಂತ ಅನಿಸಿ ತುಂಬಾ ಬೇಜಾರಾಯಿತು.

ಆವತ್ತಿನಿಂದ ಎರಡು ಬದಲಾವಣೆ ಮಾಡಿದ್ದೇನೆ. ಒಂದು, ಚೌಕ, ಸಮದ್ವಿಬಾಹು ತ್ರಿಭುಜ, ಬಾಣ, ಇಂಥ ಎರಡು ಕಡೆ ಒಂದೇ ಥರ ಇರುವ ಆಕೃತಿ ಕೊಡುವುದಿಲ್ಲ. ಈಗಿನ ತ್ರಿಭುಜ A(1,1), B(4,1), C(1,3). ಒಂದು ಬಾಹು 3, ಇನ್ನೊಂದು 2. ಎರಡು, ಮೂಲೆಗೆ ಅಕ್ಷರ ಕಡ್ಡಾಯ. ಉತ್ತರದ ಚಿತ್ರದಲ್ಲೂ A', B', C' ಬರೆಯಲೇಬೇಕು, ಇಲ್ಲದಿದ್ದರೆ ಹಾಳೆ ವಾಪಸ್.

ಅಕ್ಷರ ಇದ್ದರೆ ತಿದ್ದುವ ಕೆಲಸವೇ ಬೇರೆಯಾಗುತ್ತದೆ. ಮೂಲ ಚಿತ್ರದಲ್ಲಿ A ಇಂದ B, B ಇಂದ C ಅಂತ ಬೆರಳಾಡಿಸಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಹೋಗುತ್ತದೆ. ಸರಿಸಿದರೂ ತಿರುಗಿಸಿದರೂ ಆ ದಿಕ್ಕು ಬದಲಾಗುವುದಿಲ್ಲ, ಕನ್ನಡಿ ಹಿಡಿದರೆ ಮಾತ್ರ ಉಲ್ಟಾ ಆಗುತ್ತದೆ. ಹಾಗಾಗಿ ಮೊದಲು ಜಾಗ ನೋಡುವುದೇ ಇಲ್ಲ, ಬೆರಳಾಡಿಸಿ ದಿಕ್ಕು ನೋಡುತ್ತೇನೆ. ಅದೇ ತಿರುಗಿಸುವ ಪ್ರಶ್ನೆಗೆ ಸರಿ ಉತ್ತರ A'(1,-1), B'(1,-4), C'(3,-1). ಮಗುಚಿದವರದು A'(1,-1), B'(4,-1), C'(1,-3). ಲಂಬಕೋನ ಅದೇ ಜಾಗದಲ್ಲಿ ಕೂತಿರುತ್ತದೆ, ಆದರೆ ಉದ್ದದ ಬಾಹು ಕೆಳಗೆ ಹೋಗುವ ಬದಲು ಅಡ್ಡ ಮಲಗಿರುತ್ತದೆ, ಅಕ್ಷರದ ಸುತ್ತು ಉಲ್ಟಾ ಇರುತ್ತದೆ. ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ.

ದಿಕ್ಕು ಸರಿಯಿದ್ದು ಜಾಗ ತಪ್ಪಿದ್ದರೆ ಆ ತಪ್ಪು ಬೇರೆ. ಕೆಲವರ ಹಾಳೆಯಲ್ಲಿ A'(1,1), B'(1,-2), C'(3,1) ಇರುತ್ತದೆ. A ಕದಲಿಯೇ ಇಲ್ಲ ನೋಡಿ. ಅಂದರೆ ಆ ಮಗುವಿಗೆ 90 ಡಿಗ್ರಿ ಗೊತ್ತು, ಪ್ರದಕ್ಷಿಣ ದಿಕ್ಕೂ ಗೊತ್ತು, ಆದರೆ ಮೂಲಬಿಂದುವಿನ ಸುತ್ತ ತಿರುಗಿಸದೆ A ಮೂಲೆಯ ಸುತ್ತವೇ ತಿರುಗಿಸಿದೆ. ಇದನ್ನು ವಿವರಿಸಲು ನನಗೆ ದೇವಸ್ಥಾನ ಬಿಟ್ಟರೆ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಗರ್ಭಗುಡಿ ಸುತ್ತಿದರೆ ಪ್ರದಕ್ಷಿಣೆ, ಕೈ ಮುಗಿದು ನಿಂತಲ್ಲೇ ಸುತ್ತಿದರೆ ಆತ್ಮಪ್ರದಕ್ಷಿಣೆ. "ನೀನು ಮಾಡಿದ್ದು ಆತ್ಮಪ್ರದಕ್ಷಿಣೆ, ನಾನು ಕೇಳಿದ್ದು ಗುಡಿ ಸುತ್ತೋದು" ಅಂದರೆ ಸಾಕು, ತಕ್ಷಣ ಹೊಳೆಯುತ್ತದೆ. ಬಟರ್ ಪೇಪರ್ ಇಟ್ಟು, ಪೆನ್ಸಿಲ್ ಮೊನೆಯನ್ನು ಮೂಲಬಿಂದುವಿನ ಮೇಲೆ ಒತ್ತಿ ಹಿಡಿದು ತಿರುಗಿಸು ಅಂತ ಅಲ್ಲೇ ಮಾಡಿಸುತ್ತೇನೆ. ಮುಂದೆ ಐಜಿಸಿಎಸ್‌ಇ ಪರೀಕ್ಷೆಯಲ್ಲೂ ಟ್ರೇಸಿಂಗ್ ಪೇಪರ್ ಬಳಸಬಹುದು, ಹಾಗಾಗಿ ಈ ಅಭ್ಯಾಸ ಈಗಲೇ ಆಗಲಿ ಅಂತ ನನ್ನಾಸೆ. ಇಂಥ ಹಾಳೆಗೆ 3ಕ್ಕೆ 2 ಕೊಡುತ್ತೇನೆ, ಸೊನ್ನೆ ಹಾಕುವುದಿಲ್ಲ.

ಸರಿಸುವ ಪ್ರಶ್ನೆಯಲ್ಲಿ ಆಕೃತಿ ಕೆಡುವುದಿಲ್ಲ, ಎಣಿಕೆ ಕೆಡುತ್ತದೆ. 5 ಚೌಕ ಎಡಕ್ಕೆ, 2 ಕೆಳಕ್ಕೆ ಅಂದರೆ A' ಬರಬೇಕಾದದ್ದು (-4,-1). ಕೆಲವರದು (-7,-1)ರಲ್ಲಿ ಇರುತ್ತದೆ. 5ರ ಬದಲು 8 ಹೋಗಿದ್ದಾರೆ, 3 ಜಾಸ್ತಿ. ಆ 3 ಎಲ್ಲಿಂದ ಬಂತು? ತ್ರಿಭುಜದ ಅಗಲ 3. ಎರಡು ಚಿತ್ರಗಳ ಮಧ್ಯೆ 5 ಚೌಕ ಖಾಲಿ ಬಿಟ್ಟಿದ್ದಾರೆ, ಮೂಲೆಯಿಂದ ಅದೇ ಮೂಲೆಗೆ ಎಣಿಸಿಲ್ಲ. A' (-3,-1)ರಲ್ಲಿ ಇದ್ದರೆ ಅದು ಇನ್ನೊಂದು ಥರ, ನಿಂತ ಗೆರೆಯನ್ನೇ ಒಂದು ಅಂತ ಎಣಿಸಿರುತ್ತಾರೆ, ಹಾಗಾಗಿ ಒಂದು ಕಡಿಮೆ ಬೀಳುತ್ತದೆ. ಎರಡಕ್ಕೂ ಸುಮ್ನೆ ಕೆಂಪು ಗೀಟು ಎಳೆದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ನಾನು A ಇಂದ A' ವರೆಗೆ ಒಂದು ಬಾಣ ಎಳೆದು ಪಕ್ಕದಲ್ಲಿ ಮೊದಲನೆಯವರಿಗೆ 8, ಎರಡನೆಯವರಿಗೆ 4 ಅಂತ ಬರೆಯುತ್ತೇನೆ, ಉಳಿದದ್ದು ಅವರೇ ಕಂಡುಕೊಳ್ಳುತ್ತಾರೆ.

ಪ್ರತಿಫಲನದಲ್ಲಿ ಕನ್ನಡಿ ಗೆರೆ ನೇರ ನಿಂತಿದ್ದರೆ ಅಷ್ಟೇನೂ ತೊಂದರೆ ಇಲ್ಲ. y = x ಅನ್ನುವ ಓರೆ ಗೆರೆ ಬಂದರೆ ಮಾತ್ರ ಕ್ಲಾಸು ತತ್ತರಿಸುತ್ತದೆ. ಅದೂ ನಮ್ಮ ತ್ರಿಭುಜ ಆ ಗೆರೆಯ ಎರಡೂ ಕಡೆ ಚಾಚಿಕೊಂಡಿದೆ, A ಅಂತೂ ಗೆರೆಯ ಮೇಲೇ ಇದೆ. B'(1,4), C'(3,1), A ಇದ್ದಲ್ಲೇ ಇರಬೇಕು, ಚಿತ್ರ ಒಂದರ ಮೇಲೊಂದು ಬೀಳುತ್ತದೆ. ಹೀಗೆ ಬೀಳಬಾರದು ಅಂದುಕೊಂಡು ಸರಿ ಬರೆದದ್ದನ್ನೇ ಅಳಿಸಿ, ಬಿಡಿಯಾಗಿ ಆಚೆ ಬರೆದವರಿದ್ದಾರೆ. ಹಾಳೆಯಲ್ಲಿ ರಬ್ಬರಿನ ಗುರುತು ಕಂಡರೆ ನಾನು ಬೆಳಕಿಗೆ ಹಿಡಿದು ನೋಡುತ್ತೇನೆ. ಹಾಳೆಯನ್ನೇ ಓರೆಯಾಗಿ ತಿರುಗಿಸಿ ಕನ್ನಡಿ ಗೆರೆ ನೆಟ್ಟಗೆ ನಿಲ್ಲುವ ಹಾಗೆ ಹಿಡಿದುಕೊಳ್ಳಿ, ಆಮೇಲೆ ಚೌಕದ ಮೂಲೆಯಿಂದ ಮೂಲೆಗೆ ದಾಟುತ್ತಾ ಎಣಿಸಿ ಅಂತ ಹೇಳಿಕೊಟ್ಟ ಮೇಲೆ ಸುಧಾರಿಸಿದೆ.

ಬೇಗ ತಿದ್ದಲು ಸರಿ ಉತ್ತರವನ್ನು ಬಟರ್ ಪೇಪರ್ ಮೇಲೆ ಬರೆದು ಒಂದೊಂದೇ ಹಾಳೆಯ ಮೇಲೆ ಇಟ್ಟು ನೋಡುತ್ತೇನೆ. ಅದರಲ್ಲಿ ಎರಡೂ ಅಕ್ಷಗಳನ್ನು ಎಳೆದಿರಬೇಕು, ಮೊದಲು ಅವು ಕೂತ ಮೇಲೆ ಚಿತ್ರ ನೋಡಬೇಕು. ಮಕ್ಕಳಿಗೆ ಹಂಚಿದ ಝೆರಾಕ್ಸ್ ಮೇಲಿಂದಲೇ ಟ್ರೇಸ್ ಮಾಡಿಕೊಳ್ಳಿ, ಕಂಪ್ಯೂಟರಿನಲ್ಲಿರುವ ಮೂಲ ಹಾಳೆಯನ್ನು ಬೇರೆಯಾಗಿ ಪ್ರಿಂಟ್ ಹಾಕಿದರೆ ಕೆಲವು ಸಲ ಚೌಕದ ಅಳತೆ ಒಂಚೂರು ಬೇರೆ ಬಂದಿರುತ್ತದೆ, ಹಾಳೆಯ ಅಂಚಿಗೆ ಹೋಗುವಷ್ಟರಲ್ಲಿ ಅರ್ಧ ಚೌಕ ಜಾರಿ ಸರಿಯಿದ್ದದ್ದೂ ತಪ್ಪಾಗಿ ಕಾಣುತ್ತದೆ.