ನೆಲ ಎಳೆಯೋದು ನೀವು, ಅಂಚು ಕೂರಿಸೋದು ಗೇಮ್ ಎಂಜಿನ್

ನನ್ನ ಮೊದಲ ಪ್ಲಾಟ್‌ಫಾರ್ಮರ್ ಗೇಮಿನ ಒಂದೇ ಲೆವೆಲ್ಲಿಗೆ ಎರಡು ರಾತ್ರಿ ಹಿಡಿದಿತ್ತು. ಮೂರನೇ ದಿನ ತಮ್ಮ ಆಡಿ ನೋಡಿ, ‘ಅಣ್ಣ, ಈ ಗುಂಡಿ ಹಾರೋಕೇ ಆಗ್ತಿಲ್ಲ, ಒಂಚೂರು ಚಿಕ್ಕದು ಮಾಡು’ ಅಂದ. ಒಂದು ಮನೆಯಷ್ಟು ಕಡಿಮೆ ಮಾಡಿದರೆ ಸಾಕಿತ್ತು. ಆದರೆ ನೆಲದ ಆಳ ಆರು ಮನೆ. ಹೊಸ ಸಾಲಿಗೆ ಆರು ಅಂಚಿನ ಟೈಲ್ ಹಾಕಬೇಕು, ಹಳೆಯ ಅಂಚಿನ ಆರು ಟೈಲ್ ತೆಗೆದು ಒಳಮಣ್ಣು ಹಾಕಬೇಕು. ಹನ್ನೆರಡು ಟೈಲನ್ನು ಒಂದೊಂದಾಗಿ ಹುಡುಕಿ ಕೂರಿಸಿದೆ. ಅವನು ಮತ್ತೆ ಆಡಿದ. ‘ಈಗ ಸುಲಭ ಆಯ್ತಲ್ಲ’ ಅಂದ. ಅವತ್ತೇ ಆಟೋಟೈಲಿಂಗ್ ಕಲಿಯೋಕೆ ಕೂತೆ.

ಟೈಲ್‌ಮ್ಯಾಪ್ ಅಂದರೆ ಚೌಕಾಬಾರದ ಹಾಸಿನ ಹಾಗೆ ಮನೆಗಳ ಒಂದು ಜಾಲ. ಒಂದೊಂದು ಮನೆಯಲ್ಲಿ ಒಂದೊಂದು ಪುಟ್ಟ ಚಿತ್ರ. ಲೆವೆಲ್ ಎಷ್ಟೇ ಉದ್ದವಿದ್ದರೂ ಚಿತ್ರಗಳು ಬೆರಳೆಣಿಕೆಯಷ್ಟೇ, ಮತ್ತೆ ಮತ್ತೆ ಬರುತ್ತವೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮೋಡ, ಪೊದೆ ಎರಡಕ್ಕೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಚಿತ್ರಕ್ಕೆ ಅಂತ ಅದರ ಕ್ಯಾಸೆಟ್ಟಿನಲ್ಲಿ ಇದ್ದದ್ದು 8 ಕೆಬಿ ಜಾಗ, ಇನ್ನೇನು ಮಾಡ್ತಾರೆ!

ಆಟೋಟೈಲಿಂಗ್ ಇದರ ಮೇಲಿನ ಇನ್ನೊಂದು ಹೆಜ್ಜೆ. ‘ಇಲ್ಲಿ ಮಣ್ಣು ಇದೆ’ ಅಂತ ಮಾತ್ರ ನೀವು ಹೇಳುತ್ತೀರಿ. ಆ ಮಣ್ಣಿನ ಮೇಲೆ ಹುಲ್ಲು ಬರಬೇಕಾ, ಪಕ್ಕದಲ್ಲಿ ಅಂಚು ಬರಬೇಕಾ ಅನ್ನೋದನ್ನು ಎಂಜಿನ್ ನೆರೆಹೊರೆ ನೋಡಿ ತೀರ್ಮಾನಿಸುತ್ತದೆ. ಇಲ್ಲಿ ಗೊಡೋ ಎಂಜಿನ್ನಿನ ಹೆಜ್ಜೆಗಳನ್ನು ಹೇಳುತ್ತೇನೆ. ಉಚಿತ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತದೆ. 4.3 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಲಿ. ಹಳೆಯ ಪಾಠಗಳಲ್ಲಿ ಸಿಗುವ `TileMap` ನೋಡ್ ಬಿಟ್ಟು `TileMapLayer` ಬಳಸಿ ಅಂತ ಎಂಜಿನ್ನೇ ಹೇಳುವುದು ಆ ಆವೃತ್ತಿಯಿಂದ.

ಮೊದಲು ಲೆಕ್ಕ, ಆಮೇಲೆ ಚಿತ್ರ

ಚಿತ್ರ ಬರೆಯೋಕೆ ಮುಂಚೆ ಎಷ್ಟು ಟೈಲ್ ಬೇಕು ಅಂತ ಗೊತ್ತಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಮನೆಗೆ ನಾಲ್ಕು ಪಕ್ಕ. ಪ್ರತಿ ಪಕ್ಕಕ್ಕೂ ಒಂದು ಅಂಕಿ ಕೊಡೋಣ: ಮೇಲೆ 1, ಬಲಕ್ಕೆ 2, ಕೆಳಗೆ 4, ಎಡಕ್ಕೆ 8. ಯಾವ ಪಕ್ಕದಲ್ಲಿ ಮಣ್ಣು ಇದೆಯೋ ಅದರ ಅಂಕಿ ಕೂಡಿಸಿ. ಬಂದ ಮೊತ್ತವೇ ಆ ಮನೆಗೆ ಬೇಕಾದ ಟೈಲಿನ ನಂಬರ್.

ಗುಂಡಿಯ ಬಲದಂಡೆಯ ತುದಿಯನ್ನೇ ತಗೊಳ್ಳಿ. ಅಲ್ಲಿನ ಮೇಲಿನ ಮನೆಗೆ ಬಲಕ್ಕೆ ಮಣ್ಣಿದೆ, ಕೆಳಗೂ ಇದೆ. ಎಡಕ್ಕೆ ಗುಂಡಿ, ಮೇಲೆ ಬಯಲು. 2 + 4 = 6. ಆರನೇ ಟೈಲ್ ಅಂದರೆ ಮೇಲೆ ಹುಲ್ಲು, ಎಡಕ್ಕೆ ಅಂಚು ಇರುವ ಮೂಲೆ. ಅದರ ಕೆಳಗಿನ ಮನೆಗೆ ಮೇಲೂ ಮಣ್ಣು ಸೇರಿಕೊಂಡು 1 + 2 + 4 = 7, ಅಂದರೆ ಬರೀ ಎಡ ಅಂಚು. ಹುಲ್ಲಿನ ನಡುನೆಲ 14. ಸುತ್ತ ಎಲ್ಲ ಮಣ್ಣೇ ಇದ್ದರೆ 15, ಒಳಮಣ್ಣು. ಒಂಟಿ ಮನೆ 0. ಸೊನ್ನೆಯಿಂದ ಹದಿನೈದರವರೆಗೆ ಒಟ್ಟು 16 ಟೈಲ್. ಒಂದು ಟೈಲ್ 16 ಪಿಕ್ಸೆಲ್ ಇಟ್ಟರೆ, ನಾಲ್ಕು ಸಾಲು ನಾಲ್ಕು ಕಂಬದಲ್ಲಿ ಇಡೀ ಸೆಟ್ 64×64 ಪಿಕ್ಸೆಲ್ಲಿನ ಒಂದೇ ಚಿತ್ರದಲ್ಲಿ ಹಿಡಿಯುತ್ತದೆ.

ಈಗ ಒಂದು ಕಿವಿಮಾತು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಎಷ್ಟೋ ಟೈಲ್ ಶೀಟ್‌ಗಳಲ್ಲಿ ಒಂಬತ್ತೇ ಟೈಲ್ ಇರುತ್ತವೆ: ನಾಲ್ಕು ಮೂಲೆ, ನಾಲ್ಕು ಅಂಚು, ಒಂದು ನಡು. ದಪ್ಪ ನೆಲಕ್ಕೆ ಅಷ್ಟು ಸಾಕು. ಆದರೆ ಗಾಳಿಯಲ್ಲಿ ತೇಲುವ ಒಂದೇ ಮನೆ ದಪ್ಪದ ಹಲಗೆ ಎಳೆದ ತಕ್ಷಣ ಕೆಟ್ಟುಹೋಗುತ್ತದೆ. ಅದರ ನಡು ಮನೆಗೆ ಬೇಕಾದದ್ದು 10, ತುದಿಗಳಿಗೆ 2 ಮತ್ತು 8. ಆ ಮೂರೂ ಶೀಟಿನಲ್ಲಿ ಇಲ್ಲ. ಎಂಜಿನ್ ಇದ್ದದ್ದರಲ್ಲೇ ಹತ್ತಿರದ್ದು ಯಾವುದನ್ನೋ ತಂದು ಕೂರಿಸುತ್ತದೆ. ಹಲಗೆಯ ಮೇಲೆ ಹುಲ್ಲಿದ್ದರೂ ಅಡಿಭಾಗ ಕತ್ತರಿಸಿಟ್ಟ ಕೇಕಿನ ಹಾಗೆ ಕಾಣುತ್ತದೆ. ‘ಆಟೋಟೈಲ್ ಸರಿಯಾಗಿ ಕೆಲಸ ಮಾಡ್ತಿಲ್ಲ’ ಅನ್ನೋ ದೂರುಗಳಲ್ಲಿ ನಾನು ನೋಡಿದ ಮಟ್ಟಿಗೆ ಜಾಸ್ತಿ ಇದೇ. ಕೊರತೆ ಇರುವ ಏಳು ಟೈಲ್ ಯಾವುವು ಅಂದರೆ 0, 1, 2, 4, 5, 8, 10. ಎಲ್ಲವೂ ಒಂದೇ ಮನೆ ದಪ್ಪದವು. ಇರುವ ಟೈಲುಗಳನ್ನೇ ಅರ್ಧರ್ಧ ಕತ್ತರಿಸಿ ಅಂಟಿಸಿದರೆ ಅರ್ಧ ಗಂಟೆಯಲ್ಲಿ ಅವು ತಯಾರು.

ಎಂಜಿನ್ನಿಗೆ ನಿಯಮ ಹೇಳಿಕೊಡೋದು

ಸೀನಿಗೆ ಒಂದು `TileMapLayer` ಸೇರಿಸಿ. ಬಲಗಡೆಯ ಇನ್‌ಸ್ಪೆಕ್ಟರ್‌ನಲ್ಲಿ `Tile Set` ಮುಂದೆ `New TileSet` ಆರಿಸಿ. ಅಳತೆ ತಾನಾಗೇ 16×16 ಇರುತ್ತದೆ. ಕೆಳಗಿನ `TileSet` ಫಲಕಕ್ಕೆ ನಿಮ್ಮ ಚಿತ್ರ ಎಳೆದು ಬಿಡಿ. ಟೈಲುಗಳನ್ನು ನಾನೇ ಕತ್ತರಿಸಲಾ ಅಂತ ಕೇಳುತ್ತದೆ, ಹೂಂ ಅನ್ನಿ.

ಚಿತ್ರ ಮಸುಕಾಗಿ ಕಂಡರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ `Default Texture Filter` ಅನ್ನು `Nearest` ಮಾಡಿ.

ಮತ್ತೆ ಇನ್‌ಸ್ಪೆಕ್ಟರ್‌ಗೆ ಬನ್ನಿ. ಟೈಲ್‌ಸೆಟ್ ಮೇಲೆ ಕ್ಲಿಕ್ ಮಾಡಿದರೆ ಅದರ ವಿವರ ತೆರೆದುಕೊಳ್ಳುತ್ತದೆ. `Terrain Sets` ಒಳಗೆ ಒಂದು ಸೆಟ್ ಸೇರಿಸಿ, ಅದರ `Mode` ಅನ್ನು `Match Sides` ಮಾಡಿ. ನಾವು ಮಾಡಿದ ಲೆಕ್ಕ ನಾಲ್ಕು ಪಕ್ಕದ್ದೇ ಆಗಿದ್ದರಿಂದ ಇದೇ ಬೇಕು. ಮೊದಲಿಂದ ಇರುವ ಆಯ್ಕೆಯನ್ನು ಹಾಗೇ ಬಿಟ್ಟರೆ ಅದು ಮೂಲೆಗಳನ್ನೂ ಕೇಳುತ್ತದೆ, ನಿಮ್ಮ 16 ಟೈಲ್ ಸಾಲೋದಿಲ್ಲ. ಸೆಟ್ಟಿನೊಳಗೆ ಒಂದು ಟೆರೇನ್ ಸೇರಿಸಿ, `Mannu` ಅಂತ ಹೆಸರಿಟ್ಟು, ಎದ್ದು ಕಾಣುವ ಬಣ್ಣ ಕೊಡಿ.

ಇನ್ನು ಮುಖ್ಯ ಕೆಲಸ. `TileSet` ಫಲಕದಲ್ಲಿ `Paint` ಒತ್ತಿ, `Terrains` ಆರಿಸಿ, ಸೆಟ್ ಮತ್ತು ಟೆರೇನ್ ಎರಡನ್ನೂ ಹೇಳಿ. ಒಂದು ಟೈಲ್ ಮೇಲೆ ಮೊದಲ ಸಲ ಕ್ಲಿಕ್ ಮಾಡಿದಾಗ ಅದು ಸೆಟ್ಟಿಗೆ ಸೇರುತ್ತದೆ. ಆಮೇಲೆ ಅದರೊಳಗೆ ನಡುವೊಂದು, ಸುತ್ತ ನಾಲ್ಕು ಗುರುತು ಕಾಣುತ್ತವೆ. ನಡುವಿನದನ್ನು ಹದಿನಾರೂ ಟೈಲಿಗೆ ಬಣ್ಣ ಮಾಡಿ, ‘ನಾನು ಮಣ್ಣು’ ಅಂತ ಹೇಳುವುದು ಅದು. ಸುತ್ತಲಿನವು ‘ಈ ಪಕ್ಕದಲ್ಲೂ ಮಣ್ಣಿದ್ದರೆ ನನ್ನನ್ನು ಕರೀರಿ’ ಅಂತ ಹೇಳುತ್ತವೆ. ಆರನೇ ಟೈಲಿಗೆ ಬಲ, ಕೆಳ. ಹದಿನಾಲ್ಕಕ್ಕೆ ಬಲ, ಕೆಳ, ಎಡ. ಸೊನ್ನೆಗೆ ನಡು ಮಾತ್ರ. ನಿಮ್ಮ ಕಾಗದದ ಲೆಕ್ಕವೇ ಇಲ್ಲಿ ಬಣ್ಣವಾಗುತ್ತಿದೆ, ಅಲ್ವಾ?

ನಡುವಿನ ಗುರುತು ಮರೆತ ಟೈಲನ್ನು ಎಂಜಿನ್ ಮಣ್ಣು ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ. ನಾನು ಐದನೇ ಟೈಲಿನಲ್ಲಿ ಇದನ್ನು ಮರೆತು ಒಂದು ಸಂಜೆ ಕಳೆದಿದ್ದೆ. ಕಂಬಗಳು ಮಾತ್ರ ಸೊಟ್ಟಗೆ ಬರುತ್ತಿದ್ದವು. ಶೀಟನ್ನು ಝೂಮ್ ಮಾಡಿ ಬಣ್ಣ ಬಿಟ್ಟುಹೋದ ಟೈಲ್ ಹುಡುಕಿದರೆ ಒಂದೇ ನಿಮಿಷದ ಕೆಲಸ.

ಆಟಗಾರ ನೆಲದ ಮೇಲೆ ನಿಲ್ಲಬೇಕಲ್ಲ. ಅದಕ್ಕೆ ಇನ್‌ಸ್ಪೆಕ್ಟರ್‌ನಲ್ಲಿ `Physics Layers` ಒಂದು ಸೇರಿಸಿ. ಮತ್ತೆ `Paint`ನಲ್ಲಿ ಅದನ್ನು ಆರಿಸಿ, ಆಕಾರದ ಚೌಕದ ಮೇಲೆ ಮೌಸ್ ಇಟ್ಟು F ಒತ್ತಿದರೆ ಪೂರ್ತಿ ಚೌಕ ಬರುತ್ತದೆ. ಹಾಗೇ ಎಲ್ಲ ಟೈಲುಗಳ ಮೇಲೆ ಎಳೆಯಿರಿ.

ಲೆವೆಲ್ ಎಳೆಯೋದು

ಕೆಳಗೆ `TileMap` ಫಲಕಕ್ಕೆ ಹೋಗಿ, `Terrains` ತೆರೆದು, ಮಣ್ಣು ಆರಿಸಿ. ಆಯತದ ಉಪಕರಣದಿಂದ ನೆಲ ಎಳೆಯಿರಿ. ಹುಲ್ಲು, ಅಂಚು, ಮೂಲೆ ತಾವಾಗೇ ಬಂದು ಕೂರುತ್ತವೆ. ಗುಂಡಿ ಬೇಕಾದಲ್ಲಿ ಅಳಿಸಿ, ಎರಡೂ ದಂಡೆ ತಾವೇ ಸರಿಹೋಗುತ್ತವೆ. ನನ್ನ ಹನ್ನೆರಡು ಟೈಲಿನ ಕೆಲಸ ಈಗ ಒಂದು ಎಳೆತ.

ಅಲ್ಲಿ `Connect`, `Path` ಅಂತ ಎರಡು ಬಗೆ ಕಾಣುತ್ತವೆ. ನೆಲಕ್ಕೆ ಮೊದಲನೆಯದು, ಸುತ್ತ ಇರುವ ಎಲ್ಲ ಮಣ್ಣಿನ ಜೊತೆ ಬೆಸೆದುಕೊಳ್ಳುತ್ತದೆ. ಎರಡನೆಯದು ನೀವು ಒಂದೇ ಸಲಕ್ಕೆ ಎಳೆದ ಗೆರೆಯ ಮನೆಗಳನ್ನಷ್ಟೇ ಬೆಸೆಯುತ್ತದೆ. ಅಕ್ಕಪಕ್ಕ ಎರಡು ಪೈಪ್ ಹೋಗಬೇಕು, ಆದರೆ ಒಂದಕ್ಕೊಂದು ಅಂಟಬಾರದು ಅನ್ನುವಾಗ ಅದು ಬೇಕಾಗುತ್ತದೆ.

ಪರದೆಯ ಎಡತುದಿಗೆ ಸರಿಯಾಗಿ ನೆಲ ನಿಲ್ಲಿಸಬೇಡಿ. ಅದರಾಚೆ ಖಾಲಿ ಅಂತ ಎಂಜಿನ್ ಅಲ್ಲೂ ಅಂಚು ಬರೆಯುತ್ತದೆ, ಲೋಕವೇ ಅಲ್ಲಿಗೆ ಮುಗಿದ ಹಾಗೆ ಕಾಣುತ್ತದೆ. ಕ್ಯಾಮೆರಾಗೆ ಕಾಣದ ಎರಡು ಮನೆ ಹೊರಗೂ ಎಳೆದುಬಿಡಿ.

ಒಳಮೂಲೆಯ ಚುಕ್ಕೆ

16ರ ಸೆಟ್ಟಿಗೆ ಒಂದು ಮಿತಿ ಇದೆ. ನೆಲದ ಮೇಲೆ ಎಡಗಡೆ ಒಂದು ಗೋಡೆ ಎಬ್ಬಿಸಿ. ಗೋಡೆ ನೆಲಕ್ಕೆ ಸೇರುವ ಮನೆಗೆ ನಾಲ್ಕೂ ಪಕ್ಕ ಮಣ್ಣೇ, ಆದ್ದರಿಂದ 15, ಬರೀ ಒಳಮಣ್ಣು. ಆದರೆ ಅದರ ಮೇಲು-ಬಲ ಮೂಲೆಯಲ್ಲಿ ಬಯಲಿದೆ. ಅದರ ಮೇಲಿನ ಮನೆಯ ಬಲ ಅಂಚು ಕೆಳಗಿಳಿದು ಬಂದು ಅಲ್ಲೇ ನಿಲ್ಲುತ್ತದೆ. ಬಲಗಡೆ ಮನೆಯ ಹುಲ್ಲು ಎಡಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಎರಡೂ ಕೂಡುವ ಜಾಗದಲ್ಲಿ ಹುಲ್ಲಿನ ದಪ್ಪದಷ್ಟು ಅಗಲದ ಒಂದು ಮಣ್ಣಿನ ಚುಕ್ಕೆ ಉಳಿಯುತ್ತದೆ. ಹುಲ್ಲು ಎರಡು ಪಿಕ್ಸೆಲ್ ದಪ್ಪ ಇದ್ದರೆ ಯಾರ ಕಣ್ಣಿಗೂ ಬೀಳೋದಿಲ್ಲ. ಐದಾರು ಪಿಕ್ಸೆಲ್ ಇದ್ದರೆ ಹಲ್ಲು ಉದುರಿದ ಹಾಗೆ ಕಾಣುತ್ತದೆ.

ಅದನ್ನು ಸರಿಮಾಡೋಕೆ ಮೂಲೆಗಳನ್ನೂ ನೋಡಬೇಕು, ಅಂದರೆ `Match Corners and Sides`. ಎಂಟು ನೆರೆ ಅಂದರೆ 256 ಬಗೆ ಅಂತ ಹೆದರಬೇಡಿ. ಒಂದು ಮೂಲೆ ಲೆಕ್ಕಕ್ಕೆ ಬರುವುದು ಅದರ ಎರಡೂ ಪಕ್ಕಗಳಲ್ಲಿ ಮಣ್ಣಿದ್ದಾಗ ಮಾತ್ರ. ಒಂದು ಪಕ್ಕ ಖಾಲಿ ಇದ್ದರೂ ಅಲ್ಲಿ ಅಂಚು ಹೇಗೂ ಇರುತ್ತದೆ. ಹೀಗೆ ಜರಡಿ ಹಿಡಿದರೆ ಉಳಿಯುವುದು 47. ಅದರಲ್ಲಿ 16 ಹಳೆಯವೇ. ಹೊಸ 31ರಲ್ಲಿ ಹೆಚ್ಚು ಬರೆಯುವುದೇನೂ ಇಲ್ಲ, ನಾಲ್ಕು ಪುಟ್ಟ ಮೂಲೆತುಂಡುಗಳನ್ನು ಬೇರೆಬೇರೆ ಟೈಲಿನ ಮೇಲೆ ಅಂಟಿಸೋದು. ಗುರುತು ಬಣ್ಣ ಮಾಡೋದೇ ಬೇಜಾರಿನ ಕೆಲಸ. ನಾನಾದರೆ ಮೊದಲು 16ರಲ್ಲೇ ಇಡೀ ಗೇಮ್ ಆಡಿಸಿ ನೋಡಿ, ಲೆವೆಲ್ ಗಟ್ಟಿಯಾದ ಮೇಲೆ 47ಕ್ಕೆ ಕೈ ಹಾಕುತ್ತೇನೆ.

ಆಟದ ನಡುವೆ ನೆಲ ಅಗೆದರೆ

ಆಟಗಾರ ಗುದ್ದಲಿಯಿಂದ ಮಣ್ಣು ಅಗೆಯುವ ಗೇಮ್ ನಿಮ್ಮದಾದರೆ ಅದೇ ನಿಯಮ ಕೋಡಿನಿಂದಲೂ ನಡೆಯುತ್ತದೆ. `TileMapLayer` ಮೇಲಿನ ಸ್ಕ್ರಿಪ್ಟಿನಲ್ಲಿ ಹೀಗೆ ಬರೆಯಿರಿ:

```gdscript
func age(jaaga: Vector2):
    var mane := local_to_map(to_local(jaaga))
    set_cells_terrain_connect([mane], 0, -1, false)
```

ಮೊದಲ ಸೊನ್ನೆ ಟೆರೇನ್ ಸೆಟ್ಟಿನದು. ಆಮೇಲೆ ಬರುವ `-1` ಅಂದರೆ ‘ಇಲ್ಲಿ ಏನೂ ಇಲ್ಲ’. ಬರೀ `erase_cell` ಅಂದರೆ ಆ ಮನೆ ಖಾಲಿಯಾಗುತ್ತದೆ, ಆದರೆ ನೆರೆಯವರಿಗೆ ಸುದ್ದಿ ಹೋಗೋದಿಲ್ಲ, ಗುಂಡಿಯ ಸುತ್ತ ಅಂಚೇ ಬರೋದಿಲ್ಲ. ಬಾಂಬ್ ಸಿಡಿದು ಮೂವತ್ತು ಮನೆ ಒಟ್ಟಿಗೆ ಹೋದರೆ ಒಂದೊಂದಕ್ಕೂ ಇದನ್ನು ಕರೆಯಬೇಡಿ. ಎಲ್ಲ ಮನೆಗಳನ್ನೂ ಒಂದೇ ಪಟ್ಟಿಗೆ ಹಾಕಿ ಒಂದೇ ಸಲ ಕೊಡಿ. ಇಲ್ಲದಿದ್ದರೆ ಒಂದೇ ನೆರೆಮನೆಯ ಲೆಕ್ಕವನ್ನು ಎಂಜಿನ್ ಮೂರು ನಾಲ್ಕು ಸಲ ಮಾಡುತ್ತದೆ, ಸಿಡಿತದ ಹೊತ್ತಿಗೇ ಗೇಮ್ ಒಂದು ಕ್ಷಣ ತಡವರಿಸುತ್ತದೆ.